ಯಾರ ಅಂಕದ ಪಕ್ಕದಲ್ಲಿ ಯಾರ ಅಂಕ?

ಎರಡು ಸಾಲು ಅಂಕಗಳಿವೆ. ಮೊದಲ ಸಾಲಿನ ಸರಾಸರಿ 14.3, ಎರಡನೆಯದರ ಸರಾಸರಿ 16.3. ಪರೀಕ್ಷೆ 25 ಅಂಕಗಳ ಗಣಿತದ್ದು, ಒಂದೊಂದು ಸಾಲಿನಲ್ಲೂ ಹತ್ತು ಅಂಕಗಳು. ಎರಡು ಅಂಕದ ಈ ಏರಿಕೆ ನಿಜವಾದದ್ದೇ, ಅಥವಾ ಆ ದಿನದ ಅದೃಷ್ಟದಿಂದ ಬಂದದ್ದೇ? ಬಿ.ಎಡ್. ವಿದ್ಯಾರ್ಥಿಯ ಕ್ರಿಯಾ ಸಂಶೋಧನೆಯಿಂದ ಹಿಡಿದು ಶಿಕ್ಷಣಶಾಸ್ತ್ರದ ಪಿಎಚ್.ಡಿ. ಪ್ರಬಂಧದವರೆಗೆ ಎಲ್ಲರೂ ಈ ಪ್ರಶ್ನೆಯನ್ನು ಎದುರಿಸುತ್ತಾರೆ. ಉತ್ತರಕ್ಕಾಗಿ ಅವರೆಲ್ಲ ಕೈಚಾಚುವುದು ಟಿ-ಟೆಸ್ಟ್ ಎಂಬ ಲೆಕ್ಕಕ್ಕೆ. ಆದರೆ ಆ ಲೆಕ್ಕ ಎರಡು ಬಗೆಯದು. ಒಂದು ಜೋಡಿ ಟಿ-ಟೆಸ್ಟ್, ತರಗತಿಗಳಲ್ಲಿ ‘ಪೇರ್ಡ್’ ಎಂದು ಕರೆಯುವಂಥದ್ದು. ಇನ್ನೊಂದು ಸ್ವತಂತ್ರ ಟಿ-ಟೆಸ್ಟ್, ಅಂದರೆ ‘ಇಂಡಿಪೆಂಡೆಂಟ್’. ಅವೇ ಇಪ್ಪತ್ತು ಅಂಕಗಳನ್ನು ಇವೆರಡಕ್ಕೂ ಕೊಟ್ಟರೆ ಒಂದು ‘ಏರಿಕೆ ಖಚಿತ’ ಎನ್ನಬಹುದು, ಇನ್ನೊಂದು ‘ಹೇಳಲಾಗದು’ ಎನ್ನಬಹುದು.

ಯಾವುದನ್ನು ನಂಬಬೇಕು ಎಂಬುದು ಅಂಕಿಗಳನ್ನು ಎಷ್ಟು ದಿಟ್ಟಿಸಿದರೂ ತಿಳಿಯುವುದಿಲ್ಲ. ಆ ಅಂಕ ಯಾರದು ಎಂದು ಕೇಳಿದರೆ ಮಾತ್ರ ತಿಳಿಯುತ್ತದೆ.

ಒಂದೇ ಪಟ್ಟಿ, ಎರಡು ಕಥೆ

ವಿವರಣೆಗಾಗಿ ರಚಿಸಿಕೊಂಡ ಒಂದು ಪಟ್ಟಿ ಇಲ್ಲಿದೆ.

| ಸಾಲು | ಮೊದಲ ಕಾಲಂ | ಎರಡನೇ ಕಾಲಂ | ವ್ಯತ್ಯಾಸ |
|---|---|---|---|
| 1 | 6 | 8 | 2 |
| 2 | 9 | 10 | 1 |
| 3 | 10 | 13 | 3 |
| 4 | 12 | 12 | 0 |
| 5 | 13 | 16 | 3 |
| 6 | 15 | 17 | 2 |
| 7 | 16 | 20 | 4 |
| 8 | 19 | 20 | 1 |
| 9 | 21 | 24 | 3 |
| 10 | 22 | 23 | 1 |

ಮೊದಲ ಕಥೆ ಹೀಗಿದೆ. ಎಂಟನೇ ತರಗತಿಯ ಹತ್ತು ಮಕ್ಕಳಿಗೆ ಭಿನ್ನರಾಶಿಯ ಮೇಲೆ ಒಂದು ಪೂರ್ವಪರೀಕ್ಷೆ ಕೊಟ್ಟರು. ಆಮೇಲೆ ಮೂರು ವಾರ ಕಾಗದದ ಪಟ್ಟಿಗಳನ್ನು ಮಡಚಿ, ಕತ್ತರಿಸಿ ಪಾಠ ಮಾಡಿದರು. ಕೊನೆಗೆ ಅಷ್ಟೇ ಕಷ್ಟದ ಇನ್ನೊಂದು ಪರೀಕ್ಷೆ ಕೊಟ್ಟರು. ಮೊದಲ ಕಾಲಂ ಪಾಠದ ಮುಂಚಿನ ಅಂಕ, ಎರಡನೆಯದು ಪಾಠದ ನಂತರದ್ದು. ಪ್ರತಿ ಸಾಲೂ ಒಂದೊಂದು ಮಗುವಿನದು. 6 ತೆಗೆದ ಮಗುವೇ ಆಮೇಲೆ 8 ತೆಗೆದಿದೆ, 22 ತೆಗೆದ ಮಗುವೇ 23 ತೆಗೆದಿದೆ.

ಎರಡನೆಯ ಕಥೆಯಲ್ಲಿ ಮಕ್ಕಳು ಇಪ್ಪತ್ತು. ಮೊದಲ ಕಾಲಂ ‘ಎ’ ವಿಭಾಗದ ಹತ್ತು ಮಕ್ಕಳದು, ಅವರು ಪಾಠ ಕೇಳಿದ್ದು ಕಪ್ಪುಹಲಗೆಯ ಮುಂದೆ. ಎರಡನೆಯದು ‘ಬಿ’ ವಿಭಾಗದ ಬೇರೆ ಹತ್ತು ಮಕ್ಕಳದು, ಅವರು ಕಲಿತದ್ದು ಕಾಗದದ ಪಟ್ಟಿಗಳಿಂದ. ಎಲ್ಲರಿಗೂ ಒಂದೇ ದಿನ ಒಂದೇ ಪರೀಕ್ಷೆ. ಪಟ್ಟಿಯಲ್ಲಿ 6ರ ಪಕ್ಕದಲ್ಲಿ 8 ಕೂತಿರುವುದಕ್ಕೆ ಇಲ್ಲಿ ಯಾವ ಅರ್ಥವೂ ಇಲ್ಲ. 8ರ ಜಾಗದಲ್ಲಿ 24 ಬರೆದು, 24ರ ಜಾಗದಲ್ಲಿ 8 ಬರೆದರೂ ಮಾಹಿತಿ ಏನೂ ಕೆಡುವುದಿಲ್ಲ.

ಸರಾಸರಿಗಳು ಎರಡು ಕಥೆಯಲ್ಲೂ ಒಂದೇ, ನಡುವಿನ ವ್ಯತ್ಯಾಸವೂ ಒಂದೇ, ಎರಡು ಅಂಕ. ಆದರೆ ಮೊದಲ ಕಥೆಯಲ್ಲಿ ಎರಡು ಅಂಕಗಳನ್ನು ಕಟ್ಟಿಹಾಕುವ ಒಂದು ಮಗುವಿದೆ, ಎರಡನೆಯದರಲ್ಲಿ ಅಂಥ ಕೊಂಡಿ ಇಲ್ಲ. ಟಿ-ಟೆಸ್ಟಿನ ಆಯ್ಕೆ ನಿಂತಿರುವುದು ಈ ಕೊಂಡಿಯ ಮೇಲೆ.

ಲೆಕ್ಕ ಎಲ್ಲಿ ಕವಲೊಡೆಯುತ್ತದೆ

ಎರಡೂ ಟಿ-ಟೆಸ್ಟುಗಳ ಒಳತಿರುಳು ಒಂದು ಭಾಗಾಕಾರ. ಮೇಲೆ ಸರಾಸರಿಗಳ ವ್ಯತ್ಯಾಸ. ಕೆಳಗೆ, ಆ ವ್ಯತ್ಯಾಸ ಕೇವಲ ಆಕಸ್ಮಿಕದಿಂದ ಸಾಮಾನ್ಯವಾಗಿ ಎಷ್ಟು ಅತ್ತಿತ್ತ ಆಗಬಹುದು ಎಂಬ ಅಳತೆ. ಇದನ್ನು ಮಾನಕ ದೋಷ ಎನ್ನುತ್ತಾರೆ. ಭಾಗಿಸಿದಾಗ ಸಿಗುವ ಸಂಖ್ಯೆಯೇ ಟಿ. ಟಿ ದೊಡ್ಡದಾದಷ್ಟೂ ‘ಇದು ಆಕಸ್ಮಿಕ’ ಎಂಬ ಮಾತು ನಂಬಲು ಕಷ್ಟವಾಗುತ್ತದೆ. ಎರಡು ಟೆಸ್ಟುಗಳಲ್ಲಿ ಮೇಲಿನ ಸಂಖ್ಯೆ ಬದಲಾಗುವುದಿಲ್ಲ. ಬದಲಾಗುವುದು ಕೆಳಗಿನದು.

ಮೊದಲು ಜೋಡಿ ಟಿ-ಟೆಸ್ಟನ್ನು ಮಾಡೋಣ. ಇದು ಎರಡು ಕಾಲಂಗಳನ್ನೂ ಪಕ್ಕಕ್ಕಿಟ್ಟು ಪಟ್ಟಿಯ ಕೊನೆಯ ಕಾಲಂ ಒಂದನ್ನೇ ನೋಡುತ್ತದೆ: 2, 1, 3, 0, 3, 2, 4, 1, 3, 1. ಇವುಗಳ ಸರಾಸರಿ 2. ಪ್ರತಿಯೊಂದೂ ಈ 2ರಿಂದ ಎಷ್ಟು ದೂರವಿದೆ ಎಂದು ನೋಡಿ, ಆ ದೂರಗಳನ್ನು ವರ್ಗ ಮಾಡಿ ಕೂಡಿದರೆ 14. ಅದನ್ನು 9ರಿಂದ, ಅಂದರೆ ಮಕ್ಕಳ ಸಂಖ್ಯೆಗಿಂತ ಒಂದು ಕಡಿಮೆಯಿಂದ, ಭಾಗಿಸಿ ವರ್ಗಮೂಲ ತೆಗೆದರೆ 1.25 ಬರುತ್ತದೆ. ಇದು ವ್ಯತ್ಯಾಸಗಳ ಮಾನಕ ವಿಚಲನೆ. ಇದನ್ನು 10ರ ವರ್ಗಮೂಲವಾದ 3.16ರಿಂದ ಭಾಗಿಸಿದರೆ ಮಾನಕ ದೋಷ 0.394. ಈಗ ಟಿ ಎಂದರೆ 2 ಭಾಗಿಸು 0.394, ಅಂದರೆ 5.07. ಹತ್ತು ಜೋಡಿಗಳಿದ್ದಾಗ ಟಿ-ಕೋಷ್ಟಕ ಕೇಳುವ ಗಡಿ, ರೂಢಿಯ ಶೇ. 5ರ ಮಟ್ಟದಲ್ಲಿ, 2.26. ಸಿಕ್ಕಿದ ಟಿ ಅದರ ಎರಡು ಪಟ್ಟಿಗಿಂತ ಹೆಚ್ಚು. ನಿಜಕ್ಕೂ ಏರಿಕೆಯೇ ಇಲ್ಲದಿದ್ದರೆ ಇಷ್ಟು ದೊಡ್ಡ ಟಿ ಸಿಗುವುದು ಸಾವಿರದಲ್ಲಿ ಒಂದು ಸಲವೂ ಇಲ್ಲ.

ಇನ್ನು ಸ್ವತಂತ್ರ ಟಿ-ಟೆಸ್ಟ್. ಇದಕ್ಕೆ ಸಾಲುಗಳ ಪರಿಚಯವಿಲ್ಲ. ಇದು ಪ್ರತಿ ಕಾಲಂನ ಅಂಕಗಳು ತಮ್ಮ ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂದು ನೋಡುತ್ತದೆ. ಮೊದಲ ಕಾಲಂನಲ್ಲಿ 6ರಿಂದ 22ರವರೆಗೆ ಹರಡಿದ ಅಂಕಗಳ ಮಾನಕ ವಿಚಲನೆ 5.29, ಎರಡನೆಯದರದು 5.48. ಇವೆರಡರ ವರ್ಗಗಳನ್ನು ಕೂಡಿ, 10ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಮಾನಕ ದೋಷ 2.41. ಟಿ ಎಂದರೆ 2 ಭಾಗಿಸು 2.41, ಅಂದರೆ 0.83. ಇಲ್ಲಿ ದಾಟಬೇಕಾದ ಗಡಿ 2.10. ಹತ್ತಿರಕ್ಕೂ ಬರಲಿಲ್ಲ. ಎರಡು ವಿಭಾಗಗಳ ನಡುವೆ ನಿಜವಾದ ಅಂತರ ಏನೂ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ನೂರಕ್ಕೆ ನಲವತ್ತೆರಡು ಸಲ ಕಾಣಿಸಿಕೊಳ್ಳುತ್ತದೆ.

ಇದೇ ಮಾತನ್ನು ಅಂಕಗಳ ಭಾಷೆಯಲ್ಲೂ ಹೇಳಬಹುದು. ಜೋಡಿ ಲೆಕ್ಕದ ಪ್ರಕಾರ ನಿಜವಾದ ಏರಿಕೆ ಸುಮಾರು 1.1ರಿಂದ 2.9 ಅಂಕಗಳ ನಡುವೆ ಎಲ್ಲೋ ಇದೆ. ಸ್ವತಂತ್ರ ಲೆಕ್ಕದ ಪ್ರಕಾರ ‘ಬಿ’ ವಿಭಾಗ 7 ಅಂಕ ಮುಂದಿರಬಹುದು, 3 ಅಂಕ ಹಿಂದೆಯೂ ಇರಬಹುದು.

ಕೆಳಗಿನ ಸಂಖ್ಯೆ 2.41ರಿಂದ 0.394ಕ್ಕೆ ಇಳಿದದ್ದು ಹೇಗೆ? ಯಾವ ತರಗತಿಯಲ್ಲೇ ಆಗಲಿ, ಅಂಕಗಳ ಏರುಪೇರಿನ ಬಹುಪಾಲು ಮಕ್ಕಳ ನಡುವಿನದು. ಒಬ್ಬಳಿಗೆ ಐದನೇ ತರಗತಿಯಲ್ಲೇ ಭಿನ್ನರಾಶಿ ಗಟ್ಟಿಯಾಗಿದೆ, ಇನ್ನೊಬ್ಬನಿಗೆ ಮಗ್ಗಿಯೇ ತಡವರಿಸುತ್ತದೆ. ಒಂದೇ ಮಗುವಿನ ಎರಡು ಅಂಕಗಳನ್ನು ಕಳೆದಾಗ ಆ ಮಗುವಿನ ಹಳೆಯ ಬುನಾದಿ ಎರಡೂ ಕಡೆ ಇರುವುದರಿಂದ ಕಳೆದುಹೋಗುತ್ತದೆ. ಉಳಿಯುವುದು ಬದಲಾವಣೆ ಮಾತ್ರ. ಈ ಪಟ್ಟಿಯಲ್ಲಿ ಎರಡು ಕಾಲಂಗಳ ಸಹಸಂಬಂಧ 0.97. ಮುಂಚೆ ಮುಂದಿದ್ದವರು ಆಮೇಲೂ ಮುಂದಿದ್ದಾರೆ, ಹಿಂದಿದ್ದವರು ಹಿಂದೆಯೇ ಇದ್ದಾರೆ. ಹಾಗಾಗಿ ಕಳೆದುಹೋದ ಭಾಗವೂ ದೊಡ್ಡದು. ನಿಜವಾದ ತರಗತಿಯಲ್ಲಿ ಸಹಸಂಬಂಧ ಇಷ್ಟು ಹೆಚ್ಚಿರುವುದು ಅಪರೂಪ, ಆಗ ಲಾಭವೂ ಅಷ್ಟರಮಟ್ಟಿಗೆ ಕಡಿಮೆ. ಎರಡು ಅಂಕಗಳಿಗೆ ಸಂಬಂಧವೇ ಇಲ್ಲದಿದ್ದರೆ ಜೋಡಿ ಮಾಡಿ ಸಿಗುವುದು ಏನೂ ಇಲ್ಲ. ತುಸು ನಷ್ಟವೇ ಆಗುತ್ತದೆ, ಏಕೆಂದರೆ ದಾಟಬೇಕಾದ ಗಡಿ 2.10ರಿಂದ 2.26ಕ್ಕೆ ಏರಿರುತ್ತದೆ.

ಬ್ರೂವರಿಯಲ್ಲಿ ಹುಟ್ಟಿದ ಲೆಕ್ಕ

ಈ ಲೆಕ್ಕವನ್ನು ಕೊಟ್ಟವನು ಶಾಲೆಯ ಮೇಷ್ಟ್ರಲ್ಲ. ಡಬ್ಲಿನ್ನಿನ ಗಿನ್ನೆಸ್ ಬ್ರೂವರಿಯಲ್ಲಿ ಕೆಲಸಕ್ಕಿದ್ದ ವಿಲಿಯಂ ಸೀಲಿ ಗಾಸೆಟ್. ಬಾರ್ಲಿ, ಹಾಪ್ಸ್‌ಗಳ ಪ್ರಯೋಗಗಳಲ್ಲಿ ಅವನ ಕೈಗೆ ಸಿಗುತ್ತಿದ್ದ ಅಳತೆಗಳು ಬೆರಳೆಣಿಕೆಯಷ್ಟು. ದೊಡ್ಡ ಸಂಖ್ಯೆಯ ಅಳತೆಗಳಿಗೆಂದು ರೂಪಿಸಿದ ಅಂದಿನ ಸೂತ್ರಗಳು ಅಷ್ಟು ಸಣ್ಣ ಮಾದರಿಗೆ ಸರಿಹೊಂದುತ್ತಿರಲಿಲ್ಲ. ಸಣ್ಣ ಮಾದರಿಗೆ ತಕ್ಕ ಲೆಕ್ಕವನ್ನು ಅವನು 1908ರಲ್ಲಿ ‘ಬಯೊಮೆಟ್ರಿಕಾ’ ಪತ್ರಿಕೆಯಲ್ಲಿ ಪ್ರಕಟಿಸಿದ. ನೌಕರರು ತಮ್ಮ ಹೆಸರಿನಲ್ಲಿ ಪ್ರಕಟಿಸುವುದಕ್ಕೆ ಕಂಪನಿಯ ಒಪ್ಪಿಗೆ ಇರಲಿಲ್ಲವಾದ್ದರಿಂದ ‘ಸ್ಟೂಡೆಂಟ್’ ಎಂಬ ಹೆಸರಿಟ್ಟುಕೊಂಡ. ಇವತ್ತಿಗೂ ಇದು ‘ಸ್ಟೂಡೆಂಟ್ಸ್ ಟಿ-ಟೆಸ್ಟ್’.

ಆ ಲೇಖನದಲ್ಲಿ ಅವನು ಎತ್ತಿಕೊಂಡ ಮೊದಲ ಉದಾಹರಣೆಯೇ ಜೋಡಿ ಅಂಕಿಗಳದು. ಅಮೆರಿಕದ ಮಿಷಿಗನ್‌ನಲ್ಲಿ ಕುಶ್ನಿ ಮತ್ತು ಪೀಬಲ್ಸ್ ಎಂಬುವರು 1905ರಲ್ಲಿ ಪ್ರಕಟಿಸಿದ್ದ ಪ್ರಯೋಗವದು. ಹತ್ತು ರೋಗಿಗಳಿಗೆ ನಿದ್ರೆಯ ಎರಡು ಔಷಧಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ಕೊಟ್ಟು, ಎಷ್ಟು ಗಂಟೆ ಹೆಚ್ಚು ನಿದ್ರೆ ಬಂತು ಎಂದು ಬರೆದಿಟ್ಟಿದ್ದರು. ಮೊದಲ ಔಷಧದಿಂದ ಸರಾಸರಿ 0.75 ಗಂಟೆ, ಎರಡನೆಯದರಿಂದ 2.33 ಗಂಟೆ ಹೆಚ್ಚು ನಿದ್ರೆ. ರೋಗಿಗಳೋ ಒಬ್ಬರಂತೆ ಒಬ್ಬರಿಲ್ಲ. ಒಬ್ಬರಿಗೆ ಮೊದಲ ಔಷಧದಿಂದ 3.7 ಗಂಟೆ ಹೆಚ್ಚಿದರೆ, ಇನ್ನೊಬ್ಬರಿಗೆ 1.6 ಗಂಟೆ ಕಡಿಮೆಯೇ ಆಗಿತ್ತು. ಗಾಸೆಟ್ ಪ್ರತಿ ರೋಗಿಯ ಎರಡು ಅಂಕಿಗಳನ್ನು ಕಳೆದು, ಆ ಹತ್ತು ವ್ಯತ್ಯಾಸಗಳ ಮೇಲೆ ಲೆಕ್ಕ ಹಾಕಿದ. ಇಂದಿನ ರೀತಿಯಲ್ಲಿ ಬರೆದರೆ ಟಿ 4.06. ಎರಡನೆಯ ಔಷಧವೇ ಮೇಲು ಎನ್ನುವುದಕ್ಕೆ ಗಟ್ಟಿ ಆಧಾರ.

1925ರಲ್ಲಿ ರೊನಾಲ್ಡ್ ಫಿಶರ್ ಸಂಶೋಧಕರಿಗಾಗಿ ಬರೆದ ಸಂಖ್ಯಾಶಾಸ್ತ್ರದ ಕೈಪಿಡಿಯಲ್ಲಿ ಇದೇ ಅಂಕಿಗಳನ್ನು ಮತ್ತೆ ಎತ್ತಿಕೊಂಡ. ಒಮ್ಮೆ ಜೋಡಿಯಾಗಿ ಲೆಕ್ಕ ಹಾಕಿ ತೋರಿಸಿದ. ಆಮೇಲೆ, ಎರಡು ಔಷಧಗಳನ್ನು ಬೇರೆ ಬೇರೆ ರೋಗಿಗಳಿಗೆ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳಿ, ಸ್ವತಂತ್ರ ಗುಂಪುಗಳೆಂದು ಎಣಿಸಿ ಇನ್ನೊಮ್ಮೆ ಹಾಕಿದ. ಟಿ 1.86ಕ್ಕೆ ಇಳಿಯಿತು, ದಾಟಬೇಕಾದ 2.10ರ ಗಡಿಯನ್ನು ಮುಟ್ಟಲಿಲ್ಲ. ಅಂಕಿಗಳು ಅವೇ, ತೀರ್ಪು ಬೇರೆ.

ಹಾಲು ಕುಡಿದ ಮಕ್ಕಳು

ಎರಡು ಗುಂಪಿನ ಶಾಲಾಮಕ್ಕಳನ್ನು ಹೋಲಿಸುವಾಗ ಕೊಂಡಿ ಇಲ್ಲದಿದ್ದರೆ ಎಷ್ಟು ಕಷ್ಟ ಎಂಬುದಕ್ಕೆ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಶೈರ್ ಪ್ರಯೋಗ ಸಾಕ್ಷಿ. 1930ರಲ್ಲಿ ಅಲ್ಲಿ ಸುಮಾರು 20,000 ಮಕ್ಕಳನ್ನು ಆರಿಸಿ, 10,000 ಮಕ್ಕಳಿಗೆ ನಾಲ್ಕು ತಿಂಗಳು ದಿನವೂ ಹಾಲು ಕೊಟ್ಟರು. ಉಳಿದ 10,000 ಮಕ್ಕಳಿಗೆ ಕೊಡಲಿಲ್ಲ. ಮೊದಲು ಮತ್ತು ಕೊನೆಯಲ್ಲಿ ಎಲ್ಲರ ಎತ್ತರ, ತೂಕ ಅಳೆದರು.

ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿಯೋ ಹೆಸರಿನ ಅಕ್ಷರಕ್ರಮದಿಂದಲೋ ನಿರ್ಧರಿಸಬೇಕಿತ್ತು. ಆದರೆ ಗುಂಪುಗಳು ಸಮವಾಗಿಲ್ಲ ಎನಿಸಿದರೆ ಮಕ್ಕಳನ್ನು ಬದಲಾಯಿಸಲು ಅವಕಾಶವಿತ್ತು. ಆ ಅವಕಾಶವೇ ಕೆಲಸ ಕೆಡಿಸಿತು. ಪ್ರಯೋಗ ಶುರುವಾಗುವ ಮೊದಲೇ ಹಾಲಿಲ್ಲದ ಗುಂಪಿನ ಮಕ್ಕಳು ಹಾಲಿನ ಗುಂಪಿನವರಿಗಿಂತ ಎತ್ತರವಾಗಿ, ತೂಕವಾಗಿ ಇದ್ದರು. ಬಡಮಕ್ಕಳಿಗೆ ಹಾಲು ಸಿಗಲಿ ಎಂದು ಶಿಕ್ಷಕರು ಕನಿಕರದಿಂದ, ಬಹುಶಃ ಅರಿವಿಲ್ಲದೆಯೇ, ಗುಂಪುಗಳನ್ನು ಒಲಿಸಿರಬೇಕು ಎಂದು ಗಾಸೆಟ್ 1931ರಲ್ಲಿ ಬರೆದ. ಮಕ್ಕಳನ್ನು ಬಟ್ಟೆಯ ಸಮೇತ ತೂಗಿದ್ದರು, ಚಳಿಯ ಫೆಬ್ರುವರಿಯಲ್ಲಿ ಒಮ್ಮೆ, ಬೇಸಿಗೆಯ ಜೂನ್‌ನಲ್ಲಿ ಒಮ್ಮೆ. ಉಳ್ಳವರ ಮಕ್ಕಳ ದಪ್ಪ ಉಣ್ಣೆಬಟ್ಟೆ ಜೂನ್‌ನಲ್ಲಿ ಮೈಮೇಲಿರಲಿಲ್ಲ. ಬಡಮಕ್ಕಳ ಮೈಮೇಲೆ ಅಂಥ ಬಟ್ಟೆ ಫೆಬ್ರುವರಿಯಲ್ಲೂ ಇರಲಿಲ್ಲ. ಹೀಗಾಗಿ ತೂಕದ ಹೋಲಿಕೆಯೂ ಒಂದು ಕಡೆಗೆ ವಾಲಿತು.

ಗಾಸೆಟ್ ಸೂಚಿಸಿದ ಪರಿಹಾರ ಜೋಡಿ. ತದ್ರೂಪಿ ಅವಳಿಗಳನ್ನು ಹುಡುಕಿ, ಒಬ್ಬರಿಗೆ ಹಾಲು ಕೊಟ್ಟು ಇನ್ನೊಬ್ಬರಿಗೆ ಕೊಡದಿದ್ದರೆ, ಅಂಥ 50 ಜೋಡಿಗಳೇ 20,000 ಮಕ್ಕಳಿಗಿಂತ ನಂಬಲರ್ಹ ಉತ್ತರ ಕೊಡಬಲ್ಲವು ಎಂದ. ಜೋಡಿ ಎಂದರೆ ಒಬ್ಬರದೇ ಎರಡು ಅಳತೆಗಳು ಆಗಬೇಕೆಂದಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ. ಅವಳಿಗಳು ಜೋಡಿ. ಪೂರ್ವಪರೀಕ್ಷೆಯಲ್ಲಿ ಸಮ ಅಂಕ ಪಡೆದ ಇಬ್ಬಿಬ್ಬರನ್ನು ಮೊದಲೇ ಆರಿಸಿ, ಚೀಟಿ ಎತ್ತಿ ಒಬ್ಬೊಬ್ಬರನ್ನು ಒಂದೊಂದು ಗುಂಪಿಗೆ ಹಾಕಿದರೆ ಅವರೂ ಜೋಡಿಯೇ. ಈ ಜೋಡಿ ಮಾಡುವ ಕೆಲಸ ಪ್ರಯೋಗಕ್ಕೆ ಮುಂಚೆ ನಡೆದಿರಬೇಕು, ಅಷ್ಟೇ.

ಆರಿಸುವ ಬಗೆ

ಹಾಗಾದರೆ ಆಯ್ಕೆಗೆ ಒಂದೇ ಪ್ರಶ್ನೆ ಸಾಕು. ಮೊದಲ ಕಾಲಂನ ಯಾವುದೇ ಒಂದು ಅಂಕವನ್ನು ತೋರಿಸಿ, ಎರಡನೇ ಕಾಲಂನಲ್ಲಿ ಇದರ ಜೊತೆಗಾರ ಯಾವುದು ಎಂದು ಕೇಳಬೇಕು. ‘ಇದೇ, ಬೇರೆ ಯಾವುದೂ ಅಲ್ಲ’ ಎಂದು ಕಾರಣ ಸಹಿತ ಹೇಳಬಹುದಾದರೆ ಜೋಡಿ ಟಿ-ಟೆಸ್ಟ್. ‘ಯಾವುದಾದರೂ ಆದೀತು’ ಎನ್ನುವುದಾದರೆ ಸ್ವತಂತ್ರ ಟಿ-ಟೆಸ್ಟ್. ಒಂದೇ ತರಗತಿಯ ಕನ್ನಡ ಮತ್ತು ಇಂಗ್ಲಿಷ್ ಅಂಕಗಳು ಜೋಡಿ. ಒಂದೇ ತರಗತಿಯ ಹುಡುಗರ ಮತ್ತು ಹುಡುಗಿಯರ ಅಂಕಗಳು ಸ್ವತಂತ್ರ. ಈ ವರ್ಷದ ಮತ್ತು ಕಳೆದ ವರ್ಷದ ಎಸ್‌ಎಸ್‌ಎಲ್‌ಸಿ ಅಂಕಗಳು, ಶಾಲೆ ಒಂದೇ ಆದರೂ ಮಕ್ಕಳು ಬೇರೆಯಾದ್ದರಿಂದ ಸ್ವತಂತ್ರ.

ಸಂಖ್ಯೆಯ ಸಾಮ್ಯ ಮೋಸ ಮಾಡುತ್ತದೆ. ಎರಡು ವಿಭಾಗಗಳಲ್ಲೂ ನಲವತ್ತು ನಲವತ್ತು ಮಕ್ಕಳಿದ್ದರೆ, ಹಾಜರಿಯ ಕ್ರಮದಲ್ಲಿ ‘ಎ’ ವಿಭಾಗದ ಮೊದಲನೆಯವರ ಪಕ್ಕದಲ್ಲಿ ‘ಬಿ’ ವಿಭಾಗದ ಮೊದಲನೆಯವರು ಬರುತ್ತಾರೆ. ಕಂಪ್ಯೂಟರ್ ತಕರಾರಿಲ್ಲದೆ ಜೋಡಿ ಲೆಕ್ಕ ಮಾಡಿಕೊಡುತ್ತದೆ. ಆ ಜೋಡಿಗೆ ಆಧಾರ ಹೆಸರಿನ ಮೊದಲ ಅಕ್ಷರ ಮಾತ್ರ. ಇನ್ನೂ ಅಪಾಯದ್ದು, ಎರಡೂ ಕಾಲಂಗಳನ್ನು ಬೇರೆ ಬೇರೆಯಾಗಿ ಏರಿಕೆಯ ಕ್ರಮದಲ್ಲಿ ಜೋಡಿಸಿಬಿಡುವುದು. ಕಡಿಮೆ ಅಂಕದ ಎದುರು ಕಡಿಮೆ, ಹೆಚ್ಚಿನ ಅಂಕದ ಎದುರು ಹೆಚ್ಚು ಬಂದು ಇಲ್ಲದ ಸಹಸಂಬಂಧ ಹುಟ್ಟಿಕೊಳ್ಳುತ್ತದೆ, ಮಾನಕ ದೋಷ ಕುಗ್ಗುತ್ತದೆ, ಟಿ ಉಬ್ಬುತ್ತದೆ. ಮೇಲಿನ ಪಟ್ಟಿಯೇ ‘ಎ’ ಮತ್ತು ‘ಬಿ’ ವಿಭಾಗಗಳದಾಗಿದ್ದರೆ 0.83 ಇರಬೇಕಾದ ಟಿ 5.07 ಆಗಿ ಕಾಣುತ್ತಿತ್ತು. ಪ್ರಬಂಧ ನೋಡುವವರು ಎರಡೂ ಕಾಲಂಗಳು ಕ್ರಮವಾಗಿ ಏರುತ್ತ ಹೋಗುವುದನ್ನು ಕಂಡರೆ ಮೂಲ ಅಂಕಪಟ್ಟಿಯನ್ನು ಕೇಳಿ ತರಿಸಿಕೊಳ್ಳಬೇಕು.

ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗುತ್ತದೆ. ಪೂರ್ವಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಹೆಸರು ಬರೆಸದೆ ಅಂಕ ಮಾತ್ರ ದಾಖಲಿಸಿದರೆ, ಆಮೇಲೆ ಯಾರ 6 ಯಾರ 8ಕ್ಕೆ ಸೇರಬೇಕು ಎಂದು ತಿಳಿಯುವುದಿಲ್ಲ. ಮಕ್ಕಳು ಅವರೇ ಆಗಿದ್ದರೂ ಕೊಂಡಿ ಕಳಚಿಹೋಗಿರುತ್ತದೆ. ಹೆಸರು ಗೋಪ್ಯವಾಗಿಡಬೇಕೆಂದರೆ ಪ್ರತಿ ಮಗುವಿಗೂ ಒಂದು ಸಂಕೇತ ಸಂಖ್ಯೆ ಕೊಟ್ಟು ಎರಡೂ ಪತ್ರಿಕೆಗಳಲ್ಲಿ ಅದನ್ನೇ ಬರೆಸಿದರೆ ಸಾಕು. ಎರಡರಲ್ಲಿ ಒಂದು ಪರೀಕ್ಷೆಗೆ ಗೈರುಹಾಜರಾದವರು ಜೋಡಿ ಲೆಕ್ಕದಿಂದ ಹೊರಗುಳಿಯುತ್ತಾರೆ. ಎಷ್ಟು ಮಂದಿ ಹೊರಗುಳಿದರು ಎಂಬುದನ್ನು ವರದಿಯಲ್ಲಿ ಬರೆಯಬೇಕು, ಏಕೆಂದರೆ ಗೈರುಹಾಜರಾಗುವವರು ಬಹಳ ಸಲ ಹಿಂದುಳಿದ ಮಕ್ಕಳೇ ಆಗಿರುತ್ತಾರೆ.

ಎಕ್ಸೆಲ್‌ನಲ್ಲಿ ಎರಡು ಟೆಸ್ಟುಗಳ ನಡುವೆ ಇರುವುದು ಕೊನೆಯ ಒಂದು ಅಂಕಿಯ ಅಂತರ.

```
=T.TEST(B2:B11,C2:C11,2,1)
=T.TEST(B2:B11,C2:C11,2,3)
```

ಕೊನೆಯ 1 ಎಂದರೆ ಜೋಡಿ. 2 ಎಂದರೆ ಎರಡು ಗುಂಪುಗಳ ಹರಡುವಿಕೆ ಸಮ ಎಂದು ನಂಬುವ ಸ್ವತಂತ್ರ ಟೆಸ್ಟ್. 3 ಎಂದರೆ ಹಾಗೆ ನಂಬದ ಸ್ವತಂತ್ರ ಟೆಸ್ಟ್, ಇದಕ್ಕೆ ವೆಲ್ಚ್ ವಿಧಾನ ಎಂದು ಹೆಸರು. ಎರಡು ವಿಭಾಗಗಳಲ್ಲಿ ಮಕ್ಕಳ ಸಂಖ್ಯೆಯೂ ಅಂಕಗಳ ಹರಡುವಿಕೆಯೂ ಬೇರೆ ಬೇರೆ ಇರುವುದೇ ಸಾಮಾನ್ಯವಾದ್ದರಿಂದ 3 ಸುರಕ್ಷಿತ. ಉತ್ತರವಾಗಿ ಬರುವುದು ಟಿ ಅಲ್ಲ, ಪಿ-ಮೌಲ್ಯ. ಅಂದರೆ ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಕಾಣುವ ಸಂಭವ. 1, 2, 3 ಮೂರನ್ನೂ ಹಾಕಿ ನೋಡಿ, ಪಿ-ಮೌಲ್ಯ ಯಾವುದರಲ್ಲಿ ಚಿಕ್ಕದಾಗಿ ಬಂತೋ ಅದನ್ನೇ ವರದಿಗೆ ಸೇರಿಸುವುದು ಲೆಕ್ಕವಲ್ಲ, ವಂಚನೆ.

ಟಿ-ಟೆಸ್ಟ್ ಹೇಳದ ಮಾತು

ಜೋಡಿ ಟಿ-ಟೆಸ್ಟ್ ಹರಿತವಾದದ್ದು, ಆದರೆ ಅದು ಹೇಳುವುದು ‘ಅಂಕ ಏರಿತು’ ಎಂದಷ್ಟೆ. ‘ಕಾಗದದ ಪಟ್ಟಿಯಿಂದ ಏರಿತು’ ಎಂದಲ್ಲ. ಮೂರು ವಾರದಲ್ಲಿ ಮಕ್ಕಳು ಮನೆಪಾಠಕ್ಕೂ ಹೋಗಿರಬಹುದು, ಎರಡನೆಯ ಪ್ರಶ್ನೆಪತ್ರಿಕೆ ಸ್ವಲ್ಪ ಸುಲಭವಿದ್ದಿರಬಹುದು. ಪರಿಹಾರ ಬೋಧನೆಯ ವರದಿಗಳಲ್ಲಿ ಇನ್ನೊಂದು ಬಲೆ ಇದೆ. ಪೂರ್ವಪರೀಕ್ಷೆಯಲ್ಲಿ ತೀರ ಕಡಿಮೆ ಅಂಕ ಬಂದವರನ್ನೇ ಆರಿಸಿ ಪಾಠ ಮಾಡಿದಾಗ, ಅವರಲ್ಲಿ ಕೆಲವರು ನಿಜಕ್ಕೂ ಹಿಂದುಳಿದವರು, ಇನ್ನು ಕೆಲವರು ಅಂದು ಜ್ವರದಿಂದಲೋ ಗಾಬರಿಯಿಂದಲೋ ಎಡವಿದವರು. ಈ ಎರಡನೆಯವರ ಅಂಕ ಯಾವ ಪಾಠವೂ ಇಲ್ಲದೆ ಮುಂದಿನ ಪರೀಕ್ಷೆಯಲ್ಲಿ ಮೇಲೇರುತ್ತದೆ. ಜೋಡಿ ಟೆಸ್ಟ್ ಆ ಏರಿಕೆಯನ್ನೂ ಪಾಠದ ಏರಿಕೆಯನ್ನೂ ಬೇರ್ಪಡಿಸಲಾರದು.

ಅದಕ್ಕೇ ಹೋಲಿಕೆಗೆ ಇನ್ನೊಂದು ಗುಂಪು ಬೇಕು. ಎರಡು ಗುಂಪು, ಎರಡಕ್ಕೂ ಪೂರ್ವ ಮತ್ತು ನಂತರದ ಪರೀಕ್ಷೆ. ಪ್ರಬಂಧಗಳಲ್ಲಿ ಎಲ್ಲಕ್ಕಿಂತ ಸುಲಭವಾಗಿ ಎಡವುವುದು ಈ ವಿನ್ಯಾಸದಲ್ಲಿ. ಸಂಶೋಧಕರು ಪ್ರತಿ ಗುಂಪಿಗೂ ಬೇರೆ ಬೇರೆ ಜೋಡಿ ಟೆಸ್ಟ್ ಮಾಡಿ, ಒಂದರಲ್ಲಿ ಏರಿಕೆ ಸಾರ್ಥಕ, ಇನ್ನೊಂದರಲ್ಲಿ ಅಲ್ಲ, ಆದ್ದರಿಂದ ಹೊಸ ವಿಧಾನವೇ ಮೇಲು ಎಂದು ಬರೆದುಬಿಡುತ್ತಾರೆ. ಹತ್ತು ಹತ್ತು ಮಕ್ಕಳ ಎರಡು ಗುಂಪುಗಳಲ್ಲಿ ಹೊಸ ವಿಧಾನದವರ ಸರಾಸರಿ ಏರಿಕೆ 2.0, ಹಳೆಯದರವರದು 1.5, ಎರಡರಲ್ಲೂ ಮಾನಕ ದೋಷ 0.8 ಎಂದಿಟ್ಟುಕೊಳ್ಳಿ. ಮೊದಲ ಗುಂಪಿನ ಟಿ 2.5, ಗಡಿ ದಾಟಿತು. ಎರಡನೆಯದರದು 1.88, ದಾಟಲಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಎರಡು ಏರಿಕೆಗಳ ನಡುವಿನ ಅಂತರದ್ದು. ಅದು ಬರೀ 0.5 ಅಂಕ, ಮಾನಕ ದೋಷ 1.13, ಟಿ 0.44. ಹೊಸ ವಿಧಾನ ಮೇಲು ಎನ್ನಲು ಆಧಾರವೇ ಇಲ್ಲ. ಸರಿಯಾದ ದಾರಿ ಎಂದರೆ ಪ್ರತಿ ಮಗುವಿನ ಏರಿಕೆಯನ್ನು ಮೊದಲು ಕಳೆದು ತೆಗೆದು, ಆಮೇಲೆ ಎರಡು ಗುಂಪುಗಳ ಏರಿಕೆಗಳ ಮೇಲೆ ಸ್ವತಂತ್ರ ಟಿ-ಟೆಸ್ಟ್ ಮಾಡುವುದು. ಕಳೆಯುವಾಗ ಜೋಡಿಯ ಲಾಭ ಸಿಗುತ್ತದೆ, ಹೋಲಿಸುವಾಗ ಗುಂಪುಗಳು ಬೇರೆ ಎಂಬ ಸತ್ಯಕ್ಕೂ ನ್ಯಾಯ ಸಲ್ಲುತ್ತದೆ.

ಅಂಕಗಳ ಆಕಾರವನ್ನೂ ಒಮ್ಮೆ ಕಣ್ಣಾರೆ ನೋಡಬೇಕು. ಜೋಡಿ ಟೆಸ್ಟಿನಲ್ಲಿ ನೋಡಬೇಕಾದ್ದು ವ್ಯತ್ಯಾಸಗಳ ಕಾಲಂ. ಹತ್ತರಲ್ಲಿ ಒಂದು ವ್ಯತ್ಯಾಸ ಮಾತ್ರ 15 ಇದ್ದು ಉಳಿದವು 0, 1 ಇದ್ದರೆ ಸರಾಸರಿ ಆ ಒಂದೇ ಮಗುವಿನದಾಗಿರುತ್ತದೆ, ಬಹುಶಃ ಅಂಕ ಬರೆಯುವಾಗಿನ ತಪ್ಪೂ ಇರಬಹುದು. ಪರೀಕ್ಷೆ ತೀರ ಸುಲಭವಾಗಿ ಅರ್ಧ ತರಗತಿ 25ಕ್ಕೆ 25 ತೆಗೆದಿದ್ದರೆ ಮುಂದಿದ್ದ ಮಕ್ಕಳಿಗೆ ಏರಲು ಜಾಗವೇ ಇರುವುದಿಲ್ಲ, ಆಗ ಯಾವ ಟಿ-ಟೆಸ್ಟೂ ಅವರ ಕಲಿಕೆಯನ್ನು ತೋರಿಸಲಾರದು.

ಕ್ರಿಯಾ ಸಂಶೋಧನೆಗೆ ಹೊರಟ ಶಿಕ್ಷಕರು ಮೂರು ಕೆಲಸಗಳನ್ನು ಪ್ರಶ್ನೆಪತ್ರಿಕೆ ಹಂಚುವ ಮೊದಲೇ ಮುಗಿಸಿಕೊಳ್ಳಲಿ. ಪ್ರತಿ ಮಗುವಿಗೂ ಸಂಕೇತ ಸಂಖ್ಯೆ ಕೊಡಲಿ. ಯಾರ ಅಂಕವನ್ನು ಯಾರ ಅಂಕದೊಂದಿಗೆ ಹೋಲಿಸುವುದು ಎಂದು ಒಂದು ವಾಕ್ಯದಲ್ಲಿ ಬರೆದಿಡಲಿ. ಆ ವಾಕ್ಯಕ್ಕೆ ತಕ್ಕ ಟೆಸ್ಟಿನ ಹೆಸರನ್ನು ಅದರ ಕೆಳಗೇ ಬರೆದು ದಿನಾಂಕ ಹಾಕಲಿ. ವರದಿಯಲ್ಲಿ ಪಿ-ಮೌಲ್ಯದ ಜೊತೆಗೆ ಸರಾಸರಿ ಏರಿಕೆ ಎಷ್ಟು ಅಂಕ, ಅದು ಎಷ್ಟರಿಂದ ಎಷ್ಟರವರೆಗೆ ಇರಬಹುದು, ಎಷ್ಟು ಮಕ್ಕಳು ಹೊರಗುಳಿದರು ಎಂಬುದನ್ನೂ ಕೊಡಲಿ. ಇಷ್ಟಿದ್ದರೆ ಆ ವರದಿಯನ್ನು ಇನ್ನೊಂದು ಶಾಲೆಯ ಶಿಕ್ಷಕರು ಓದಿ, ಕಾಗದದ ಪಟ್ಟಿಗಳನ್ನು ತಮ್ಮ ತರಗತಿಗೂ ಒಯ್ಯಬೇಕೇ ಬೇಡವೇ ಎಂದು ತಾವೇ ತೀರ್ಮಾನಿಸಬಲ್ಲರು.